ಇಂದ, ಅಲ್ಲಿ, ಗೆ: ಸುದ್ದಿ ಮತ್ತು ಸಿನಿಮಾದಲ್ಲಿ ಧರ್ಮವನ್ನು ಓದಿಸುವ ನಾಲ್ಕು ಪಿರಿಯಡ್

ಒಂಬತ್ತನೇ ತರಗತಿಯಲ್ಲಿ ‘ಮಾಧ್ಯಮಗಳು ಧರ್ಮವನ್ನು ಹೇಗೆ ತೋರಿಸುತ್ತವೆ’ ಎಂದು ನೇರವಾಗಿ ಕೇಳಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಮೊದಲ ಸಲ ನಾನು ಹಾಗೆಯೇ ಕೇಳಿದ್ದೆ. ಅರ್ಧ ತರಗತಿ ತೆಪ್ಪಗೆ ಕುಳಿತಿತು, ಮೂವರು ಮನೆಯಲ್ಲಿ ಕೇಳಿದ ಮಾತನ್ನೇ ಒಪ್ಪಿಸಿದರು, ಉಳಿದವರೆಲ್ಲ ಹಿಂದಿನ ಬೆಂಚಿನ ಇಬ್ಬರು ಮುಸ್ಲಿಂ ಹುಡುಗರತ್ತ ತಿರುಗಿ ನೋಡಿದರು. ಕೇಳಬಾರದ್ದನ್ನು ಕೇಳಿದ್ದೆ. ಅದಾದ ಮೇಲೆ ನಾನು ಅಭಿಪ್ರಾಯ ಕೇಳುವುದನ್ನು ಬಿಟ್ಟು ವ್ಯಾಕರಣದಿಂದ ಶುರುಮಾಡುತ್ತೇನೆ. ವಿಭಕ್ತಿ ಪ್ರತ್ಯಯಗಳು ಮಕ್ಕಳಿಗೆ ಹೇಗೂ ಬಾಯಿಪಾಠ ಇರುತ್ತವೆ. ಶೀರ್ಷಿಕೆಯಲ್ಲಿ ಒಂದು ಸಮುದಾಯದ ಹೆಸರಿಗೆ ಯಾವ ಪ್ರತ್ಯಯ ಅಂಟಿದೆ ಎಂದು ಹುಡುಕುವುದಕ್ಕೆ ಯಾರ ಪರವೂ ನಿಲ್ಲಬೇಕಾಗಿಲ್ಲ.

ಇಲ್ಲಿ ಬರೆಯುತ್ತಿರುವುದು 40 ನಿಮಿಷದ ನಾಲ್ಕು ಪಿರಿಯಡ್‌ಗಳ ಅಭ್ಯಾಸ. ಕನ್ನಡ ಅಥವಾ ಸಮಾಜ ವಿಜ್ಞಾನದ ಶಿಕ್ಷಕರು ಯಾರು ಬೇಕಾದರೂ ಮಾಡಬಹುದು. ಎರಡನೇ ಪಿರಿಯಡ್ಡಿಗೆ ಗಣಿತದ ಶಿಕ್ಷಕರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಮೊದಲು ಆಗಬೇಕಾದ ಕೆಲಸ

‘ಸರ್ಕಾರಿ ಶಾಲೆಯಲ್ಲಿ ಧರ್ಮದ ವಿಷಯ ಎತ್ತಬಹುದೇ’ ಎಂದು ಮುಖ್ಯೋಪಾಧ್ಯಾಯರು ಕೇಳಿಯೇ ಕೇಳುತ್ತಾರೆ. ಸಂವಿಧಾನದ 28ನೇ ವಿಧಿ ಪೂರ್ಣವಾಗಿ ಸರ್ಕಾರಿ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಆದರೆ ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಕಲಿಸುವುದು ಬೇರೆ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. ನಮ್ಮ ಅಭ್ಯಾಸ ಧರ್ಮಗಳ ಬಗ್ಗೆಯೂ ಅಲ್ಲ, ಧರ್ಮಗಳ ಬಗ್ಗೆ ಇತರರು ಬರೆದ ವಾಕ್ಯಗಳ ಬಗ್ಗೆ. ಪಾಠ ಯೋಜನೆಯಲ್ಲಿ ಈ ಮಾತನ್ನು ಎರಡು ಸಾಲಿನಲ್ಲಿ ಬರೆದಿಟ್ಟರೆ ಮುಂದೆ ಪೋಷಕರು ಬಂದು ಕೇಳಿದಾಗ ಕೈಗೆ ಸಿಗುತ್ತದೆ.

ಆಮೇಲೆ ಪ್ರಕರಣದ ಆಯ್ಕೆ. ಈ ವಾರ ಊರಿನಲ್ಲಿ ಬಿಸಿಯಾಗಿರುವ ವಿಷಯವನ್ನು ಮುಟ್ಟಲೇಬೇಡಿ. ಸತ್ಯಾಂಶ ಇನ್ನೂ ಹೊರಬಂದಿರುವುದಿಲ್ಲ, ಮಕ್ಕಳ ಮನೆಯಲ್ಲೇ ಜಗಳ ನಡೆಯುತ್ತಿರಬಹುದು. ಕೆಲವು ವರ್ಷ ಹಳೆಯದಾದ, ತೀರ್ಪು ಬಂದಿರುವ ಪ್ರಕರಣ ಬೇಕು. ನಾನು ಬಳಸುವುದು 2020ರ ಮಾರ್ಚ್–ಏಪ್ರಿಲ್‌ನ ತಬ್ಲೀಗಿ ಜಮಾತ್ ಸುದ್ದಿ. ಜಮಾತ್‌ನ ಕೇಂದ್ರವಾದ ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನಲ್ಲಿ ಮಾರ್ಚ್‌ನಲ್ಲಿ ನಡೆದ ಸಭೆಗೆ ದೇಶ ವಿದೇಶಗಳಿಂದ ಜನ ಬಂದಿದ್ದರು. ಅವರಲ್ಲಿ ಕೋವಿಡ್ ಹರಡಿತು, ಮರಳಿದ ಊರುಗಳಲ್ಲಿಯೂ ಕಾಣಿಸಿತು. ಇದು ಸತ್ಯ, ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಈ ಸತ್ಯವನ್ನು ಯಾವ ಯಾವ ವಾಕ್ಯಗಳಲ್ಲಿ ಹೇಳಲಾಯಿತು ಎಂಬುದಷ್ಟೇ ನಮ್ಮ ಪ್ರಶ್ನೆ.

ಒಂದೇ ಪ್ರಕರಣ ಸಾಲದು, ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ಬೇಕು. ಅದೃಷ್ಟಕ್ಕೆ ಅದು ನಮ್ಮಲ್ಲೇ ಇದೆ. ಅದೇ ವಾರಗಳಲ್ಲಿ ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿ ಸೋಂಕು ಕಾಣಿಸಿಕೊಂಡು, ಅವರ ಸಂಪರ್ಕಕ್ಕೆ ಬಂದವರೂ ಸೇರಿ 70ಕ್ಕೂ ಹೆಚ್ಚು ಜನರಿಗೆ ತಗುಲಿತ್ತು. ಅದನ್ನು ಊರಿನ ಹೆಸರಿನಿಂದಲೋ ಕಾರ್ಖಾನೆಯ ಹೆಸರಿನಿಂದಲೋ ಕರೆದರು. ನೌಕರರು ಯಾವ ದೇವರಿಗೆ ಕೈಮುಗಿಯುತ್ತಾರೆ ಎಂದು ಯಾರೂ ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಎರಡೂ ಪ್ರಕರಣಗಳು ಒಂದೇ ಅಲ್ಲ. ಕಾರ್ಖಾನೆ ಇದ್ದದ್ದು ಒಂದು ಊರಿನಲ್ಲಿ, ಸಭೆಗೆ ಹೋದವರು ಹತ್ತಾರು ರಾಜ್ಯಗಳಿಗೆ ಮರಳಿದ್ದರು. ಈ ವ್ಯತ್ಯಾಸವನ್ನು ಶಿಕ್ಷಕರು ತಾವೇ ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಚುರುಕಾದ ಹುಡುಗಿಯೊಬ್ಬಳು ಎದ್ದು ನಿಂತು ಹೇಳುತ್ತಾಳೆ, ಆಗ ಇಡೀ ಹೋಲಿಕೆಯ ಮೇಲೆಯೇ ತರಗತಿಗೆ ಅನುಮಾನ ಬರುತ್ತದೆ.

ಸಾಮಗ್ರಿಗೆ 2020ರ ಮಾರ್ಚ್ 28ರಿಂದ ಏಪ್ರಿಲ್ 12ರವರೆಗಿನ ಎರಡು ಕನ್ನಡ ದಿನಪತ್ರಿಕೆಗಳ ಮುಖಪುಟ ಮತ್ತು ಜಿಲ್ಲಾ ಪುಟ ಸಾಕು. ಇ-ಪೇಪರ್ ಸಂಗ್ರಹದಲ್ಲಿಯೋ ಜಿಲ್ಲಾ ಗ್ರಂಥಾಲಯದಲ್ಲಿಯೋ ಹುಡುಕಿ 20 ಶೀರ್ಷಿಕೆಗಳನ್ನು ಆರಿಸಿ, ಹತ್ತು ಆ ಸುದ್ದಿಯವು, ಹತ್ತು ಈ ಸುದ್ದಿಯವು. ಆರಿಸುವಾಗ ಕೆಟ್ಟವನ್ನೇ ಹುಡುಕಬೇಡಿ. ದಿನಕ್ಕೆ ಒಂದರಂತೆ, ಪುಟದಲ್ಲಿ ಮೊದಲು ಕಂಡದ್ದನ್ನು ತೆಗೆದುಕೊಳ್ಳುವ ನಿಯಮ ಇಟ್ಟುಕೊಳ್ಳಿ. ಆ ನಿಯಮವನ್ನು ಮಕ್ಕಳಿಗೂ ತಿಳಿಸಿ. ಪತ್ರಿಕೆಯ ಹೆಸರನ್ನು ಕತ್ತರಿಸಿ, ಒಂದೊಂದಕ್ಕೂ ಸಂಖ್ಯೆ ಕೊಡಿ. ಹೆಸರು ಕಂಡರೆ ಸಾಕು, ‘ಅದು ಅವರ ಪೇಪರ್ ಸರ್’ ಎಂಬ ಮಾತು ಶುರುವಾಗಿ ಓದುವುದು ನಿಂತುಹೋಗುತ್ತದೆ.

ಮೊದಲ ಪಿರಿಯಡ್: ಪ್ರತ್ಯಯ ಹುಡುಕುವುದು

ನಿಜವಾದ ಶೀರ್ಷಿಕೆಗಳನ್ನು ಹಂಚುವ ಮೊದಲು ಹಲಗೆಯ ಮೇಲೆ ಮೂರು ಸಾಲು ಬರೆಯುತ್ತೇನೆ. ಇವು ಅಭ್ಯಾಸಕ್ಕೆಂದು ನಾನೇ ಕಟ್ಟಿದವು:

ಜಮಾತ್ ಸದಸ್ಯರಿಂದ ಜಿಲ್ಲೆಗೆ ಸೋಂಕು
ದೆಹಲಿ ಸಭೆಯಿಂದ ಮರಳಿದ ನಾಲ್ವರಲ್ಲಿ ಸೋಂಕು ಪತ್ತೆ
ಜಿಲ್ಲೆಯ ಮತ್ತೆ ನಾಲ್ವರಿಗೆ ಸೋಂಕು

ಮೂರೂ ಒಂದೇ ಘಟನೆಯ ವರದಿಗಳು, ಮೂರೂ ಸುಳ್ಳಲ್ಲ ಎಂದು ಇಟ್ಟುಕೊಳ್ಳೋಣ. ಈಗ ‘ಸೋಂಕು’ ಎಂಬ ಪದದ ಪಕ್ಕದಲ್ಲಿ ಮನುಷ್ಯರಿಗೆ ಯಾವ ಪ್ರತ್ಯಯ ಇದೆ ಎಂದು ಕೇಳಿ. ಮೊದಲನೆಯದರಲ್ಲಿ ‘ಇಂದ’, ತೃತೀಯಾ. ಎರಡನೆಯದರಲ್ಲಿ ‘ಅಲ್ಲಿ’, ಸಪ್ತಮೀ. ಮೂರನೆಯದರಲ್ಲಿ ‘ಗೆ’, ಚತುರ್ಥೀ. ಕಳೆದ ವರ್ಷ ಒಬ್ಬ ಹುಡುಗ ನಾನು ವಿವರಿಸುವ ಮೊದಲೇ ಹೇಳಿಬಿಟ್ಟ: “ಸರ್, ‘ಇಂದ’ ಅಂದರೆ ಅವರು ತಂದರು. ‘ಅಲ್ಲಿ’ ಅಂದರೆ ಅವರ ಮೈಯಲ್ಲಿ ಸಿಕ್ಕಿತು. ‘ಗೆ’ ಅಂದರೆ ಪಾಪ, ಅವರಿಗೆ ಬಂತು.” ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ. ಒಬ್ಬನೇ ರೋಗಿ ಮೊದಲ ಸಾಲಿನಲ್ಲಿ ಕಾರಣ, ಎರಡನೆಯದರಲ್ಲಿ ಜಾಗ, ಮೂರನೆಯದರಲ್ಲಿ ಸಂಕಟಕ್ಕೆ ಸಿಕ್ಕವನು.

ಇಲ್ಲೊಂದು ಎಡವುವ ಕಲ್ಲು ಇದೆ. ಎರಡನೇ ಸಾಲಿನಲ್ಲಿಯೂ ‘ಸಭೆಯಿಂದ’ ಎಂದು ‘ಇಂದ’ ಬಂದಿದೆಯಲ್ಲ ಎಂದು ಮಕ್ಕಳು ಹಿಡಿಯುತ್ತಾರೆ. ಅದು ‘ಮೈಸೂರಿನಿಂದ ಬಂದ’ ಎಂಬಂತೆ ಹೊರಟ ಜಾಗವನ್ನು ಹೇಳುವ ‘ಇಂದ’. ಪರೀಕ್ಷಿಸುವುದು ಸುಲಭ: ‘ಇಂದ’ದ ಜಾಗದಲ್ಲಿ ‘ಕಾರಣದಿಂದ’ ಎಂದು ಹಾಕಿ ಓದಿ. ‘ಸದಸ್ಯರ ಕಾರಣದಿಂದ ಸೋಂಕು’ ಎಂದರೆ ವಾಕ್ಯ ನಿಲ್ಲುತ್ತದೆ, ‘ಸಭೆಯ ಕಾರಣದಿಂದ ಮರಳಿದ’ ಎಂದರೆ ನಿಲ್ಲುವುದಿಲ್ಲ.

ಈಗ 20 ಶೀರ್ಷಿಕೆಗಳನ್ನು ಹಂಚಿ. ಪ್ರತಿಯೊಂದರಲ್ಲೂ ಮೂರೇ ವಿಷಯ ಬರೆದುಕೊಳ್ಳಬೇಕು: ಜನರನ್ನು ಯಾವ ಹೆಸರಿನಿಂದ ಕರೆದಿದೆ (ಧರ್ಮ, ಸಂಘಟನೆ, ಊರು, ಉದ್ಯೋಗ, ಬರೀ ಸಂಖ್ಯೆ), ಆ ಹೆಸರಿಗೆ ಯಾವ ಪ್ರತ್ಯಯ, ಕ್ರಿಯಾಪದ ಯಾವುದು. ‘ಪತ್ತೆ’, ‘ದೃಢ’ ಎಂಬುವು ವೈದ್ಯರ ಪದಗಳು. ‘ಹಬ್ಬಿಸಿದ’, ‘ಅಡಗಿದ್ದ’, ‘ನುಸುಳಿದ’ ಎಂಬುವು ಪೊಲೀಸರ ಪದಗಳು. ಕಾರ್ಖಾನೆಯ ನೌಕರರು ಒಳಗಿದ್ದರೆ ‘ಸಿಲುಕಿದ್ದಾರೆ’ ಎಂದೂ ಸಭೆಯವರು ಒಳಗಿದ್ದರೆ ‘ಅಡಗಿದ್ದಾರೆ’ ಎಂದೂ ಬಂದಿದೆಯೇ ಎಂದು ಹುಡುಕಿಸಿ. ಬಂದಿಲ್ಲದಿದ್ದರೆ ಬಂದಿಲ್ಲ ಎಂದೇ ಬರೆಯಲಿ.

ಒಂದೇ ಶೀರ್ಷಿಕೆಯನ್ನು ಇಬ್ಬರು ಮಕ್ಕಳು ಪರಸ್ಪರ ನೋಡದೆ ಗುರುತಿಸಬೇಕು, ಆಮೇಲೆ ಎರಡೂ ಹಾಳೆ ಹೋಲಿಸಬೇಕು. ಹತ್ತರಲ್ಲಿ ಎಂಟಾದರೂ ಹೊಂದದಿದ್ದರೆ ತಪ್ಪು ಮಕ್ಕಳದಲ್ಲ, ನಮ್ಮ ಸೂಚನೆಯದು. ‘ಜಮಾತ್’ ಎಂಬುದನ್ನು ಒಬ್ಬಳು ಧರ್ಮ ಎಂದೂ ಇನ್ನೊಬ್ಬ ಸಂಘಟನೆ ಎಂದೂ ಬರೆದಿರುತ್ತಾರೆ. ಈ ಭಿನ್ನಾಭಿಪ್ರಾಯ ಬಂದರೆ ಹಿಗ್ಗಬೇಕು. ತಬ್ಲೀಗಿ ಜಮಾತ್ ಎಂಬುದು ಇಸ್ಲಾಮಿನೊಳಗಿನ ಒಂದು ಪ್ರಚಾರ ಚಳವಳಿ, ಎಲ್ಲ ಮುಸ್ಲಿಮರೂ ಅದರ ಸದಸ್ಯರಲ್ಲ. ಹಾಗಾದರೆ ಸಂಘಟನೆಯ ಹೆಸರು ಶೀರ್ಷಿಕೆಯಲ್ಲಿದ್ದು, ಒಳಗಿನ ಚಿತ್ರದಲ್ಲಿ ಯಾವುದೋ ಊರಿನ ಮಸೀದಿ ಇದ್ದರೆ ಏನಾಯಿತು? ಚಿತ್ರದ ಅಡಿಯಲ್ಲಿ ‘ಸಂಗ್ರಹ ಚಿತ್ರ’ ಎಂದಿದೆಯೇ, ದಿನಾಂಕ ಇದೆಯೇ, ಏನೂ ಇಲ್ಲವೇ? ಈ ಪ್ರಶ್ನೆಯನ್ನು ಮನೆಗೆಲಸಕ್ಕೆ ಬಿಡಿ.

ಎರಡನೇ ಪಿರಿಯಡ್: ಸಂಖ್ಯೆ ಹೇಳದೇ ಬಿಟ್ಟದ್ದು

2020ರ ಏಪ್ರಿಲ್ 18ರಂದು ಕೇಂದ್ರ ಆರೋಗ್ಯ ಸಚಿವಾಲಯ ದೇಶದ 14,378 ಪ್ರಕರಣಗಳಲ್ಲಿ 4,291 ಆ ಸಭೆಗೆ ಸಂಬಂಧಿಸಿದವು ಎಂದು ಹೇಳಿತು. ಮಕ್ಕಳು ಭಾಗಿಸಲಿ: ಶೇಕಡಾ 29.8. ಸಂಖ್ಯೆ ಸರಿಯಾಗಿದೆ. ಈಗ ‘ಇದರಿಂದ ಏನು ತಿಳಿಯುತ್ತದೆ’ ಎಂದು ಕೇಳಿದರೆ ‘ದೇಶದ ಸೋಂಕಿನ ಮೂರರಲ್ಲೊಂದು ಭಾಗ ಅವರದು’ ಎನ್ನುತ್ತಾರೆ. ಆಗ ಹಲಗೆಯ ಮೇಲೆ ಒಂದು ಕಟ್ಟುಲೆಕ್ಕ ಹಾಕಿ.

ಒಂದು ಊರಿನಲ್ಲಿ ಎರಡು ಬೀದಿ, ಬೀದಿಗೆ 1,000 ಜನ. ಎರಡರಲ್ಲೂ ಸರಿಯಾಗಿ 20 ಜನರಿಗೆ ಸೋಂಕು ಇದೆ, ಅಂದರೆ ಎರಡೂ ಬೀದಿಗಳು ಸಮ. ಮೊದಲ ಬೀದಿಯಲ್ಲಿ 500 ಜನರನ್ನು ಪರೀಕ್ಷಿಸಿದರು, ಎರಡನೆಯದರಲ್ಲಿ 50 ಜನರನ್ನು. ಮೊದಲ ಬೀದಿಯಲ್ಲಿ ಸುಮಾರು 10 ಜನ ಸಿಕ್ಕರು, ಎರಡನೆಯದರಲ್ಲಿ ಒಬ್ಬ. ಮರುದಿನದ ಶೀರ್ಷಿಕೆ ಏನು? ‘ಊರಿನ 11 ಪ್ರಕರಣಗಳಲ್ಲಿ 10 ಮೊದಲ ಬೀದಿಯವು.’ ಒಂದಕ್ಷರವೂ ಸುಳ್ಳಲ್ಲ, ಆದರೂ ಓದಿದವನಿಗೆ ಸಿಕ್ಕ ಚಿತ್ರ ಪೂರ್ತಿ ತಪ್ಪು. ಕಾಣೆಯಾಗಿರುವ ಸಂಖ್ಯೆ ಯಾವುದು ಎಂದು ಕೇಳಿ, ಐದು ನಿಮಿಷ ಸುಮ್ಮನಿರಿ. ‘ಎಷ್ಟು ಜನರನ್ನು ಪರೀಕ್ಷಿಸಿದರು ಎಂಬುದು’ ಎಂಬ ಉತ್ತರ ತರಗತಿಯೊಳಗಿಂದಲೇ ಬರುತ್ತದೆ.

ಆ ದಿನಗಳಲ್ಲಿ ಪರೀಕ್ಷಾ ಕಿಟ್‌ಗಳು ಕಡಿಮೆ ಇದ್ದವು. ಯಾರನ್ನು ಪರೀಕ್ಷಿಸಬೇಕೆಂದು ನಿಯಮವಿತ್ತು, ಸಭೆಗೆ ಹೋದವರನ್ನೂ ಅವರ ಸಂಪರ್ಕದವರನ್ನೂ ಹುಡುಕಿ ಹುಡುಕಿ ಪರೀಕ್ಷಿಸಲಾಯಿತು. ಸಾಂಕ್ರಾಮಿಕ ತಡೆಯಲು ಹಾಗೆ ಹುಡುಕುವುದು ಸರಿಯಾದ ಕ್ರಮವೇ. ತೊಂದರೆ ಬಂದದ್ದು ಆ ಸಂಖ್ಯೆಯನ್ನು ಪರೀಕ್ಷೆಯ ಸಂಖ್ಯೆಯಿಲ್ಲದೆ, ದಿನವೂ ಬೇರೆ ಸಾಲಿನಲ್ಲಿ ಹೇಳಿದಾಗ. ಇನ್ನೊಂದು ಕಡೆಗೂ ಜಾರಬಾರದು. ನಮ್ಮ ಕಟ್ಟುಲೆಕ್ಕದಲ್ಲಿ ಎರಡೂ ಬೀದಿಗಳು ಸಮ ಎಂದು ನಾವೇ ಇಟ್ಟುಕೊಂಡದ್ದು. ಮುಚ್ಚಿದ ಕಟ್ಟಡದಲ್ಲಿ ಜನ ಒತ್ತಾಗಿ ಇದ್ದುದರಿಂದ ಅಲ್ಲಿ ಸೋಂಕು ನಿಜಕ್ಕೂ ಹೆಚ್ಚು ಹರಡಿರಬಹುದು. ಎಷ್ಟು ಹೆಚ್ಚು ಎಂಬುದನ್ನು ಮಾತ್ರ 29.8 ಎಂಬ ಸಂಖ್ಯೆಯೊಂದೇ ಹೇಳಲಾರದು. ಅಷ್ಟಕ್ಕೇ ನಿಲ್ಲಿಸಿ. ‘ಹಾಗಾದರೆ ಎಲ್ಲ ಸುಳ್ಳು’ ಎಂದು ಹಿಂದಿನಿಂದ ಒಂದು ದನಿ ಬಂದೇ ಬರುತ್ತದೆ. ಆ ಹುಡುಗನನ್ನು ಕರೆದು ಅವನ ವಾಕ್ಯದ ‘ಎಲ್ಲ’ಕ್ಕೆ ಲೆಕ್ಕ ಕೊಡಲು ಹೇಳಿ.

ಆರೋಗ್ಯ ಸಚಿವಾಲಯವೇ 2020ರ ಏಪ್ರಿಲ್ 8ರಂದು, ಸೋಂಕು ಹರಡಿದ್ದಕ್ಕೆ ಯಾವುದೇ ಸಮುದಾಯಕ್ಕೋ ಪ್ರದೇಶಕ್ಕೋ ಹಣೆಪಟ್ಟಿ ಕಟ್ಟಬಾರದು ಎಂದು ಸಲಹೆ ಹೊರಡಿಸಿತ್ತು. ಹತ್ತು ದಿನದ ಮೇಲೆ ಅದೇ ಸಚಿವಾಲಯ ಮೇಲಿನ ಸಂಖ್ಯೆ ಕೊಟ್ಟಿತು. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟರೆ ಮಕ್ಕಳಿಗೆ ಒಂದು ವಿಷಯ ಹೊಳೆಯುತ್ತದೆ: ಪತ್ರಿಕೆ ಬರೆದದ್ದರಲ್ಲಿ ಎಷ್ಟೋ ಭಾಗ ಮೊದಲು ಸರ್ಕಾರಿ ಪ್ರಕಟಣೆಯಲ್ಲೇ ಇತ್ತು. ವಾಕ್ಯದ ಮೂಲ ಹುಡುಕುವುದೂ ಓದಿನ ಭಾಗವೇ.

ಮೂರನೇ ಪಿರಿಯಡ್: ಸಿನಿಮಾ, ಮೊದಲು ಮೂಕವಾಗಿ

ಸಿನಿಮಾಕ್ಕೆ ಬಂದಾಗಲೂ ದಾರ ಅದೇ. ಕ್ಯಾಮೆರಾ ಕೂಡ ಪ್ರತ್ಯಯ ಹಚ್ಚುತ್ತದೆ. ಒಂದು ಪಾತ್ರ ಏನಾದರೂ ಮಾಡುತ್ತದೆಯೇ, ಪಾತ್ರಕ್ಕೆ ಏನಾದರೂ ಆಗುತ್ತದೆಯೇ, ಪಾತ್ರದಿಂದ ಬೇರೆಯವರಿಗೆ ಏನಾದರೂ ಆಗುತ್ತದೆಯೇ?

ಮಕ್ಕಳು ನೋಡಿರುವ ಜನಪ್ರಿಯ ಕನ್ನಡ ಚಿತ್ರವೊಂದರಿಂದ ಮೂರು ನಿಮಿಷದ ತುಣುಕು ಆರಿಸಿ. ಪ್ರಮಾಣಪತ್ರ ನೋಡಿಕೊಳ್ಳಿ. 2024ರ ಕೊನೆಯಿಂದ ಯು/ಎ ವರ್ಗವನ್ನು 7+, 13+, 16+ ಎಂದು ಒಡೆದಿದ್ದಾರೆ, ಒಂಬತ್ತನೇ ತರಗತಿಗೆ 16+ ಬೇಡ. ಗಲಭೆಯ ದೃಶ್ಯ, ಭಯೋತ್ಪಾದಕನ ದೃಶ್ಯ ಆರಿಸಬೇಡಿ, ಅಲ್ಲಿ ಎಲ್ಲವೂ ಎದ್ದು ಕಾಣುವುದರಿಂದ ಕಲಿಯುವುದೇನೂ ಉಳಿಯುವುದಿಲ್ಲ. ಮಾರುಕಟ್ಟೆ, ಮದುವೆ, ಹೊಸ ಬಾಡಿಗೆ ಮನೆ ಇಂಥ ಸಾಮಾನ್ಯ ದೃಶ್ಯವೇ ಒಳ್ಳೆಯದು.

ತುಣುಕನ್ನು ಮೂರು ಸಲ ತೋರಿಸಬೇಕು. ಮೊದಲ ಸಲ ಧ್ವನಿ ಪೂರ್ತಿ ಬಂದ್. ಯಾರ ಧರ್ಮ ನಿಮಗೆ ತಿಳಿಯಿತು, ಯಾವ ವಸ್ತುವಿನಿಂದ ತಿಳಿಯಿತು ಎಂದು ಬರೆಯಲಿ: ಟೋಪಿ, ವಿಭೂತಿ, ಶಿಲುಬೆ, ಗೋಡೆಯ ಬಣ್ಣ, ಕಸಾಯಿ ಅಂಗಡಿ. ಎರಡನೇ ಸಲ ಪರದೆಗೆ ಬಟ್ಟೆ ಹಾಕಿ ಧ್ವನಿ ಮಾತ್ರ. ಆಜಾನ್, ಗಂಟೆ, ಚರ್ಚಿನ ಗಾಯನ ಯಾವ ಕ್ಷಣದಲ್ಲಿ ಬಂತು, ಯಾರು ಒಳಗೆ ಬಂದಾಗ ಹಿನ್ನೆಲೆ ಸಂಗೀತದ ಶ್ರುತಿ ಕೆಳಗಿಳಿಯಿತು ಎಂದು ಕೇಳಿಸಿಕೊಳ್ಳಲಿ. ಮೂರನೇ ಸಲ ಎರಡೂ ಸೇರಿಸಿ.

ಒಂದು ಸಾಮಾನ್ಯ ದೃಶ್ಯವನ್ನು ಊಹಿಸಿಕೊಳ್ಳಿ. ನಾಯಕ ಸ್ನೇಹಿತನನ್ನು ಹುಡುಕಿಕೊಂಡು ಬೀದಿಗೆ ಬರುತ್ತಾನೆ. ಮಿನಾರಿನ ಮೇಲೆ ಪಾರಿವಾಳ ಹಾರುತ್ತವೆ, ಆಜಾನ್ ಕೇಳಿಸುತ್ತದೆ, ಮರದ ಕೊರಡಿನ ಮೇಲೆ ಕತ್ತಿ ಬೀಳುತ್ತದೆ, ಆಮೇಲೆ ಸ್ನೇಹಿತನ ಮುಖ. ನಾಲ್ಕು ಶಾಟ್ ಕಳೆದ ಮೇಲೆ ಅವನಿಗೆ ಹೆಸರು ಸಿಗುತ್ತದೆ. ನಾಯಕ ಮಾತ್ರ ಮೊದಲ ಶಾಟ್‌ನಲ್ಲೇ ಬೈಕಿನ ಮೇಲೆ ಬಂದ. ಅವನ ಧರ್ಮ ಹೇಳಲು ಯಾವ ಶಾಟೂ ಖರ್ಚಾಗಲಿಲ್ಲ, ಅವನು ‘ಸಾಮಾನ್ಯ ಮನುಷ್ಯ’. ಈ ಗುರುತಿಲ್ಲದವನನ್ನು ಕಂಡುಹಿಡಿಯುವುದೇ ಪಿರಿಯಡ್ಡಿನ ಕಷ್ಟದ ಭಾಗ. ಮಕ್ಕಳು ಗುರುತು ಇರುವವರ ಪಟ್ಟಿಯನ್ನು ಸಲೀಸಾಗಿ ಮಾಡುತ್ತಾರೆ, ಗುರುತು ಇಲ್ಲದವರ ಪಟ್ಟಿಯನ್ನು ನಾವೇ ಕೇಳಿ ಮಾಡಿಸಬೇಕು.

ಎಲ್ಲ ಧರ್ಮದ ಪಾತ್ರಗಳಿಗೂ ಹೊಂದುವ ಒಂದು ಪ್ರಶ್ನೆ ಇದೆ: ಪ್ರಾರ್ಥನೆ, ಹಬ್ಬ, ಮದುವೆ, ಸಾವು ಇವಿಷ್ಟನ್ನು ಬಿಟ್ಟು ಈ ಪಾತ್ರ ಪರದೆಯ ಮೇಲೆ ಇದೆಯೇ? ಬ್ಯಾಂಕಿಗೆ ಹೋಗುವ ಪುರೋಹಿತ, ಮಗಳ ಟಿ.ಸಿ.ಗೆ ಓಡಾಡುವ ಮೌಲ್ವಿ, ಮದ್ಯದ ಲೋಟ ಹಿಡಿಯದ ಕ್ರೈಸ್ತ ಅಂಕಲ್ ಎಷ್ಟು ಸಲ ಸಿಗುತ್ತಾರೆ? ಪುರೋಹಿತನನ್ನು ನಗೆಪಾಟಲು ಮಾಡುವುದನ್ನೂ ಸ್ವಾಮೀಜಿಯೆಂದರೆ ಕಪಟಿಯೇ ಎನ್ನುವುದನ್ನೂ ಇದೇ ಹಾಳೆಯಲ್ಲಿ ಬರೆಸಿ. ಒಂದು ಧರ್ಮದ ಬಗ್ಗೆ ಮಾತ್ರ ಹುಡುಕಿದರೆ ಮಕ್ಕಳು ಅದನ್ನು ತಕ್ಷಣ ವಾಸನೆ ಹಿಡಿಯುತ್ತಾರೆ, ಅವರು ಹಿಡಿಯುವುದು ಸರಿಯೂ ಹೌದು. ನಾಯಕನಿಗಾಗಿ ಪ್ರಾಣ ಕೊಡುವ ಒಳ್ಳೆಯ ಸ್ನೇಹಿತನ ಪಾತ್ರವೂ ಚರ್ಚೆಗೆ ಬರಲಿ. ಅವನು ಒಳ್ಳೆಯವನು, ನಿಜ, ಆದರೆ ಒಳ್ಳೆಯವನೆಂದು ಸಾಬೀತುಪಡಿಸಲು ಸಾಯಬೇಕಾಯಿತು. ನಾಯಕನಿಗೆ ಆ ಷರತ್ತು ಇರಲಿಲ್ಲ.

ದಯವಿಟ್ಟು ‘ನಿಮ್ಮಲ್ಲಿ ನಿಜಕ್ಕೂ ಹೀಗೆ ಮಾಡುತ್ತಾರಾ’ ಎಂದು ತರಗತಿಯ ಯಾವ ಮಗುವನ್ನೂ ಕೇಳಬೇಡಿ. ಹದಿನಾಲ್ಕು ವರ್ಷದ ಹುಡುಗಿ ತನ್ನ ಧರ್ಮದ ವಕ್ತಾರಳಲ್ಲ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ‘ನಮ್ಮ ಮನೆಯಲ್ಲಿ’ ಎಂದು ಶುರುಮಾಡಲು ಬಿಡಿ, ‘ನಮ್ಮ ಧರ್ಮದಲ್ಲಿ’ ಎಂದು ಶುರುಮಾಡಲು ಒತ್ತಾಯಿಸಬೇಡಿ. ಕರಾವಳಿಯ ಶಾಲೆಯಲ್ಲಿ ಭೂತಕೋಲದ ದೃಶ್ಯ ತೋರಿಸಿದರೆ ಇದರ ಅಗತ್ಯ ಚೆನ್ನಾಗಿ ತಿಳಿಯುತ್ತದೆ. ಒಂದೇ ಬೆಂಚಿನ ಇಬ್ಬರು ತಮ್ಮ ತಮ್ಮ ಮನೆಯ ದೈವದ ಕಟ್ಟುಕಟ್ಟಳೆಯನ್ನು ಬೇರೆ ಬೇರೆಯಾಗಿ ಹೇಳುತ್ತಾರೆ, ಪರದೆ ತೋರಿಸಿದ್ದು ಇಬ್ಬರದೂ ಅಲ್ಲ.

ನಾಲ್ಕನೇ ಪಿರಿಯಡ್: ತಿದ್ದಿ ಬರೆಯುವುದು, ಕೊನೆಯವರೆಗೆ ಹಿಂಬಾಲಿಸುವುದು

ಮೊದಲ 15 ನಿಮಿಷದಲ್ಲಿ ಪ್ರತಿ ಗುಂಪೂ ಒಂದು ಶೀರ್ಷಿಕೆಯನ್ನು ತಿರುಗಿಸಿ ಬರೆಯಲಿ. ಷರತ್ತು ಎರಡು: ಎಂಟು ಪದ ಮೀರಬಾರದು, ಯಾವ ಸತ್ಯಾಂಶವೂ ಬಿಟ್ಟುಹೋಗಬಾರದು. ಎರಡನೇ ಷರತ್ತು ಬಹಳ ಮುಖ್ಯ. ಮಕ್ಕಳು ಒಳ್ಳೆಯವರಾಗಲು ಹೋಗಿ ಸಭೆಯ ಮಾತನ್ನೇ ಅಳಿಸಿಬಿಡುತ್ತಾರೆ. ಆಗ ಊರಿಗೆ ಮರಳಿದ ಇನ್ನೊಬ್ಬನಿಗೆ ‘ನಾನೂ ಪರೀಕ್ಷೆ ಮಾಡಿಸಬೇಕು’ ಎಂದು ತಿಳಿಯುವುದು ಹೇಗೆ? ಸಭೆ ನಡೆದ ಜಾಗ ಮತ್ತು ದಿನಾಂಕ ಓದುಗನಿಗೆ ಉಪಯೋಗದ ಮಾಹಿತಿ, ಧರ್ಮದ ಹೆಸರು ಅಲ್ಲ. ಒಂದು ಗುಂಪು ಬರೆದದ್ದು: ‘ನಿಜಾಮುದ್ದೀನ್ ಸಭೆಗೆ ಹೋಗಿದ್ದ ನಾಲ್ವರಿಗೆ ಸೋಂಕು.’ ಐದೇ ಪದ, ಸುದ್ದಿಯೂ ಉಳಿದಿದೆ, ‘ಗೆ’ಯೂ ಬಂದಿದೆ.

ಉಳಿದ ಸಮಯ ಸುದ್ದಿಯ ಬಾಲ ಹಿಡಿಯಲು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ಆ ಸಭೆಗೆ ಬಂದಿದ್ದ ವಿದೇಶೀಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿತು. ಅವರ ವಿರುದ್ಧ ಮುದ್ರಣ ಮತ್ತು ವಿದ್ಯುನ್ಮಾನ ಮಾಧ್ಯಮಗಳಲ್ಲಿ ದೊಡ್ಡ ಅಪಪ್ರಚಾರ ನಡೆಯಿತು ಎಂದು ಆ ತೀರ್ಪು ಹೇಳಿತು. 2021ರ ಜೂನ್‌ನಲ್ಲಿ ಸುದ್ದಿ ವಾಹಿನಿಗಳ ಸ್ವಯಂನಿಯಂತ್ರಣ ಪ್ರಾಧಿಕಾರ ಇದೇ ವಿಷಯದ ಕಾರ್ಯಕ್ರಮಗಳಿಗಾಗಿ ಕನ್ನಡದ ಎರಡು ವಾಹಿನಿಗಳಿಗೆ ದಂಡ ಹಾಕಿತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ ರೂಪಾಯಿ. 2025ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ವಿದೇಶೀಯರಿಗೆ ಆಶ್ರಯ ಕೊಟ್ಟ ಆರೋಪ ಹೊತ್ತಿದ್ದ 70 ಭಾರತೀಯರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿತು. ಐದು ವರ್ಷ ಹಿಡಿಯಿತು.

ಈ ತೀರ್ಪುಗಳ ಮರುದಿನದ ಅದೇ ಎರಡು ಪತ್ರಿಕೆಗಳನ್ನು ಹುಡುಕಿಸಿ, ಮಕ್ಕಳ ಕೈಗೆ ಸ್ಕೇಲ್ ಕೊಡಿ. ಸುದ್ದಿಯ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದು ಎಷ್ಟು ಕಾಲಂ ಅಗಲವಿದೆಯೋ ಅಷ್ಟರಿಂದ ಗುಣಿಸಬೇಕು. ಹಾಗೆ ಸಿಕ್ಕಿದ್ದು ಆ ಸುದ್ದಿ ತಿಂದ ಜಾಗ. ಪುಟದ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. 2020ರ ಏಪ್ರಿಲ್‌ನ ಯಾವುದಾದರೂ ಒಂದು ದಿನದ ಸುದ್ದಿಯನ್ನೂ ಹೀಗೆಯೇ ಅಳೆದು ಪಕ್ಕದಲ್ಲಿಡಬೇಕು. ಮುದ್ರಿತ ಪ್ರತಿ ಸಿಗದೆ ಇ-ಪೇಪರ್ ಬಳಸುವುದಾದರೆ ಎರಡೂ ಪುಟಗಳನ್ನು ಒಂದೇ ಗಾತ್ರದಲ್ಲಿ ಪ್ರಿಂಟ್ ತೆಗೆಯಿರಿ, ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ. ತೀರ್ಪಿನ ಸುದ್ದಿ ಎಲ್ಲಿಯೂ ಸಿಗದ ಗುಂಪು ‘ಸಿಗಲಿಲ್ಲ’ ಎಂದು ಬರೆಯುವ ಮೊದಲು ಮೂರು ದಿನದ ಎಲ್ಲ ಪುಟಗಳನ್ನೂ ನೋಡಿರಬೇಕು. ಕಳೆದ ಸಲ ಒಂದು ಗುಂಪು ಸೊನ್ನೆ ಎಂದು ಹಲಗೆಯ ಮೇಲೆ ಬರೆದು ಕುಳಿತಿತ್ತು. ಗಂಟೆ ಹೊಡೆಯಲು ಎರಡು ನಿಮಿಷವಿರುವಾಗ ಅದೇ ಗುಂಪಿನ ಹುಡುಗಿ ಎದ್ದು ಹೋಗಿ ಸೊನ್ನೆ ಅಳಿಸಿ ‘ಪುಟ 9, ಒಂದು ಕಾಲಂ, 6 ಸೆಂ.ಮೀ.’ ಎಂದು ಬರೆದಳು.